ಕ್ಲಾಸಿನಲ್ಲಿ ಬಾಡಿ ಸ್ಪ್ರೇ: ಪೋಷಕರಿಗೆ ಪತ್ರ ಬರೆಯುವ ಮುನ್ನ

ಪ್ರಶ್ನೆ: ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್. ಆಟದ ಪಿರಿಯಡ್ ಮುಗಿಸಿ ಬರುವ ಹುಡುಗರು ಬ್ಯಾಗಿನಿಂದ ಬಾಡಿ ಸ್ಪ್ರೇ ತೆಗೆದು ಕ್ಲಾಸಿನಲ್ಲೇ ಶರ್ಟಿನ ಮೇಲೆ ಹೊಡೆದುಕೊಳ್ಳುತ್ತಾರೆ. ಮುಂದಿನ ಪಿರಿಯಡ್ ಪೂರ್ತಿ ಒಬ್ಬ ಹುಡುಗ ಕೆಮ್ಮುತ್ತಿರುತ್ತಾನೆ. ಅವನಿಗೆ ಆಸ್ತಮಾ ಇದೆಯೆಂದು ತಾಯಿ ನನಗೊಬ್ಬಳಿಗೇ ಹೇಳಿದ್ದಾರೆ, ಯಾರಿಗೂ ತಿಳಿಸಬೇಡಿ ಎಂದಿದ್ದಾರೆ. ಇನ್ನೊಬ್ಬ ಹುಡುಗಿ ತಲೆನೋವು ಎಂದು ಡೆಸ್ಕಿನ ಮೇಲೆ ಮಲಗುತ್ತಾಳೆ. ಪೋಷಕರಿಗೆ ಒಂದು ಪತ್ರ ಬರೆದೆ: "ಸುಗಂಧ ದ್ರವ್ಯಗಳು ವಿಷಕಾರಿ, ಆಸ್ತಮಾಕ್ಕೆ ಕಾರಣ. ಇನ್ನು ಮುಂದೆ ಯಾವುದೇ ಪರಿಮಳ ಹಾಕಿಕೊಂಡು ಬಂದ ಮಕ್ಕಳನ್ನು ವಾಪಸ್ ಕಳಿಸಲಾಗುವುದು." ಹೆಡ್ ಮೇಡಂ ಅದನ್ನು ತಡೆಹಿಡಿದಿದ್ದಾರೆ. "ನಮ್ಮ ಮಗ ಬೆವರು ನಾತ ಹೊಡ್ಕೊಂಡು ಕೂರಬೇಕಾ ಅಂತ ಜಗಳಕ್ಕೆ ಬರ್ತಾರೆ" ಎನ್ನುತ್ತಾರೆ. ಪತ್ರ ಬೇಕೋ ಬೇಡವೋ? ಬೇಕಿದ್ದರೆ ಹೇಗೆ ಬರೆಯಲಿ?

ಉತ್ತರ: ಪತ್ರ ಬೇಕು ಮೇಡಂ. ಆದರೆ ನಿಮ್ಮ ಕರಡಿನ ಎರಡೂ ವಾಕ್ಯಗಳನ್ನು ಬದಲಿಸಬೇಕಾಗುತ್ತದೆ. ಬಾಡಿ ಸ್ಪ್ರೇಯ ಪರಿಮಳವನ್ನು ವಿಷ ಎಂದು ಕರೆಯಲು ಬರುವುದಿಲ್ಲ. ಅದು ಆರೋಗ್ಯವಂತ ಮಗುವಿನಲ್ಲಿ ಆಸ್ತಮಾ ಹುಟ್ಟಿಸುತ್ತದೆ ಎಂದೂ ಬರೆಯುವ ಹಾಗಿಲ್ಲ. ಈಗಾಗಲೇ ಆಸ್ತಮಾ ಇರುವ ಮಗುವಿನ ಶ್ವಾಸನಾಳವನ್ನು ಅದು ಕೆರಳಿಸಬಲ್ಲದು, ಇಷ್ಟು ಖಚಿತ. ವ್ಯತ್ಯಾಸ ಸಣ್ಣದೆಂದು ಕಾಣಬಹುದು, ಆದರೆ ನಾಳೆ ಒಬ್ಬ ತಂದೆ ಫೋನ್ ಮಾಡಿ "ನಮ್ಮ ಹುಡುಗ ಎರಡು ವರ್ಷದಿಂದ ಹಾಕ್ತಿದಾನೆ, ಅವನಿಗೇನೂ ಆಗಿಲ್ವಲ್ಲ" ಎಂದರೆ ನಿಮ್ಮ ಕರಡು ಅಲ್ಲೇ ಬಿದ್ದುಹೋಗುತ್ತದೆ. ಏಕೆಂದರೆ ಆ ತಂದೆ ಹೇಳಿದ್ದು ನಿಜ. ಅವರ ಹುಡುಗನಿಗೆ ಏನೂ ಆಗಿಲ್ಲ. ಆಗುತ್ತಿರುವುದು ಪಕ್ಕದ ಬೆಂಚಿನ ಮಗುವಿಗೆ.

ಮೊದಲು ಆ ಡಬ್ಬಿಯೊಳಗೆ ಏನಿದೆ ನೋಡೋಣ. ಸ್ಟಾಫ್ ರೂಮಿನಲ್ಲಿ ಜಪ್ತಿಯಾದ ಡಬ್ಬಿ ಒಂದಾದರೂ ಇದ್ದೇ ಇರುತ್ತದೆ, ಅದರ ಹಿಂಬದಿಯ ಸಣ್ಣ ಅಕ್ಷರ ಓದಿ. ಬ್ಯೂಟೇನ್, ಐಸೋಬ್ಯೂಟೇನ್, ಪ್ರೋಪೇನ್ ಎಂದಿರುತ್ತದೆ. ಇವು ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಜಾತಿಯ ಅನಿಲಗಳೇ, ಒಳಗಿನ ದ್ರವವನ್ನು ಹೊರಕ್ಕೆ ತಳ್ಳುವುದು ಇವುಗಳ ಕೆಲಸ. ಆಮೇಲೆ ಆಲ್ಕೋಹಾಲ್. ಅದರ ನಂತರ 'ಪರ್ಫ್ಯೂಮ್' ಅಥವಾ 'ಫ್ರಾಗ್ರನ್ಸ್' ಎಂಬ ಒಂದೇ ಒಂದು ಪದ. ಆ ಒಂದು ಪದದ ಒಳಗೆ ಹತ್ತಾರು ರಾಸಾಯನಿಕಗಳು ಸೇರಿರುತ್ತವೆ. ಲಿಂಬೆ ವಾಸನೆ ಕೊಡುವ ಲಿಮೋನೀನ್, ಹೂವಿನ ವಾಸನೆ ಕೊಡುವ ಲಿನಲೂಲ್ ಬಹುತೇಕ ಎಲ್ಲದರಲ್ಲೂ ಇರುವಂಥವು. 'ಗ್ಯಾಸ್ ಇಲ್ಲದ್ದು' ಎಂದು ಮಾರುವ ಡಿಯೋಗಳಲ್ಲಿ ಅನಿಲದ ಬದಲು ಪಂಪ್ ಇರುತ್ತದೆ, ಆಲ್ಕೋಹಾಲ್ ಮತ್ತು ಪರಿಮಳ ಹಾಗೇ ಇರುತ್ತವೆ. ಹಾಗಾಗಿ "ನಮ್ಮದು ನೋ ಗ್ಯಾಸ್ ಮೇಡಂ" ಎಂಬ ಸಮಜಾಯಿಷಿ ಕೆಮ್ಮುವ ಹುಡುಗನ ಮಟ್ಟಿಗೆ ಯಾವ ಉಪಯೋಗಕ್ಕೂ ಬಾರದು.

ಕಂಕುಳಿಗೆ ಹಚ್ಚುವ ರೋಲ್ ಆನ್‌ನಲ್ಲೂ ಪರಿಮಳ ಇರುತ್ತದೆ. ಆದರೂ ಅದರ ಬಗ್ಗೆ ಇಷ್ಟು ದೂರು ಬರುವುದಿಲ್ಲ. ಕಾರಣ ಪ್ರಮಾಣ ಮತ್ತು ಜಾಗ. ರೋಲ್ ಆನ್ ಚರ್ಮದ ಮೇಲೆ ತೆಳುವಾಗಿ ಕೂರುತ್ತದೆ. ಸ್ಪ್ರೇ ಹಾಗಲ್ಲ, ಕಣ್ಣಿಗೆ ಕಾಣದ ಹನಿಗಳಾಗಿ ಗಾಳಿಯಲ್ಲಿ ತೇಲುತ್ತದೆ, ಒಂದು ಪಾಲು ಬಟ್ಟೆಗೆ ಹತ್ತಿದರೆ ಉಳಿದದ್ದು ಕೋಣೆಗೆ. ಬಟ್ಟೆಗೆ ಹತ್ತಿದ್ದೂ ಮೈಯ ಬಿಸಿಗೆ ಗಂಟೆಗಟ್ಟಲೆ ಆವಿಯಾಗುತ್ತಲೇ ಇರುತ್ತದೆ. ಇದನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳುವ ಬದಲು ತೋರಿಸಬಹುದು. ವಿಜ್ಞಾನದ ಲ್ಯಾಬಿನ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿ ತೂಗಿ. ಹೊರಗೆ ಬಯಲಿಗೆ ಹೋಗಿ, ಹುಡುಗರು ನಿಜವಾಗಿ ಎಷ್ಟು ಹೊತ್ತು ಒತ್ತುತ್ತಾರೋ ಅಷ್ಟೇ ಹೊತ್ತು ಒತ್ತಲು ಹೇಳಿ, ಮತ್ತೆ ತೂಗಿ. ಕಡಿಮೆಯಾದಷ್ಟು ಗ್ರಾಮ್ ಗಾಳಿಗೂ ಬಟ್ಟೆಗೂ ಹೋಯಿತು ಎಂದರ್ಥ. ಅದನ್ನು ಕ್ಲಾಸಿನಲ್ಲಿ ಸ್ಪ್ರೇ ಹೊಡೆಯುವ ಹುಡುಗರ ಸಂಖ್ಯೆಯಿಂದ ಗುಣಿಸಿದರೆ, ಕಿಟಕಿ ಮುಚ್ಚಿದ ಒಂದು ಕೋಣೆ ಏನನ್ನು ಹಿಡಿದಿಟ್ಟುಕೊಂಡಿದೆ ಎಂಬುದು ಅವರಿಗೇ ಹೊಳೆಯುತ್ತದೆ. ಬೆಂಕಿಯ ಹತ್ತಿರ ಮಾತ್ರ ಈ ಪ್ರಯೋಗ ಬೇಡ. ಬನ್ಸೆನ್ ಬರ್ನರ್ ಇರುವ ಲ್ಯಾಬಿನೊಳಗೆ ಬೇಡವೇ ಬೇಡ.

ಇನ್ನು ಆ ಹುಡುಗನ ಎದೆಯ ವಿಚಾರ. ಆಸ್ತಮಾ ಇರುವವರ ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತದೆ, ಅಲ್ಲಿನ ನರತಂತುಗಳು ಬೇಗ ಕೆರಳುತ್ತವೆ. ಘಾಟು ಆವಿ ತಾಗಿದಾಗ ಆ ನರಗಳು ಕೆಮ್ಮು ಹುಟ್ಟಿಸುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಗಾಳಿ ಹೋಗಿಬರುವ ದಾರಿ ಕಿರಿದಾಗುತ್ತದೆ. ನಮ್ಮ ಊರಿನಲ್ಲಿ ಇದನ್ನೆಲ್ಲ 'ಅಲರ್ಜಿ' ಎಂಬ ಒಂದೇ ಮಾತಿಗೆ ಕಟ್ಟುತ್ತಾರೆ. ಧೂಳಿನ ನುಸಿಗೋ ಪರಾಗಕ್ಕೋ ಆಗುವ ಅಲರ್ಜಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಆ ಒಂದು ವಸ್ತುವನ್ನು ಗುರುತಿಟ್ಟುಕೊಂಡು ಕಾಯುತ್ತಿರುತ್ತದೆ, ಅದರ ಅಣುವಷ್ಟು ಸಾಕು. ಸ್ಪ್ರೇಯಿಂದ ಎದೆ ಬಿಗಿಯುವುದು ಬಹುಪಾಲು ಹಾಗಲ್ಲ, ಅದು ಬರೀ ಕೆರಳಿಕೆ. ಕೆರಳಿಕೆಗೆ ಪ್ರಮಾಣ ಮುಖ್ಯ. ಮಾವಿನಕಾಯಿ ಒಗ್ಗರಣೆಯ ಮೆಣಸಿನ ಘಾಟು ಪಕ್ಕದ ಮನೆಗೆ ಬರೀ ವಾಸನೆಯಾಗಿ, ಒಲೆಯ ಮುಂದೆ ನಿಂತವರಿಗೆ ಕೆಮ್ಮಾಗಿ ತಲುಪುತ್ತದಲ್ಲ, ಹಾಗೆ. ಇದರಿಂದ ನಿಮಗೊಂದು ಅನುಕೂಲವಿದೆ. ಶಾಲೆಯಲ್ಲಿ ಪರಿಮಳದ ಸುಳಿವೇ ಇರಬಾರದು ಎಂದು ಹಟ ಹಿಡಿಯಬೇಕಿಲ್ಲ. ಕ್ಲಾಸಿನೊಳಗೆ ಸ್ಪ್ರೇ ಹೊಡೆಯುವುದು ನಿಂತು, ಮನೆಯಲ್ಲಿ ಹಾಕುವುದು ಕಡಿಮೆಯಾದರೆ ಹೆಚ್ಚಿನ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆಯೇ: 'ಆಟದ ಪಿರಿಯಡ್ ಮುಗಿಸಿ'. ಆ ಹುಡುಗನೂ ಅವರ ಜೊತೆ ಆಡಿ ಬರುತ್ತಾನೆಯೇ? ಓಡಿ ಆಡಿದ ಮೇಲೆ ಎದೆ ಬಿಗಿಯುವುದು ಆಸ್ತಮಾದ ಬಲು ಸಾಮಾನ್ಯ ಲಕ್ಷಣ. ಓಡುವಾಗ ಬಾಯಿಂದ ರಭಸವಾಗಿ ಎಳೆದುಕೊಂಡ ಒಣ ಗಾಳಿ ಶ್ವಾಸನಾಳದ ತೇವವನ್ನು ಆರಿಸಿ ಅದನ್ನು ಕೆರಳಿಸುತ್ತದೆ. ವಿಚಿತ್ರವೆಂದರೆ ಓಡುತ್ತಿರುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತ ಮೇಲೆ ಐದರಿಂದ ಹದಿನೈದು ನಿಮಿಷದೊಳಗೆ ಕೆಮ್ಮು ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಅಂದರೆ ಸರಿಯಾಗಿ ಮುಂದಿನ ಪಿರಿಯಡ್ಡಿನ ಹೊತ್ತು. ಸ್ಪ್ರೇ ಹೊಡೆಯುವುದೂ ಆ ಹೊತ್ತಿಗೇ. ಎರಡೂ ಒಟ್ಟಿಗೇ ಬಂದಾಗ ಕಣ್ಣಿಗೆ ಕಾಣುವ, ಮೂಗಿಗೆ ಬಡಿಯುವ ಸ್ಪ್ರೇಯ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸಹಜ.

ಇದನ್ನು ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ, ಮತ್ತು ಅದನ್ನು ನಿಮ್ಮಷ್ಟು ಚೆನ್ನಾಗಿ ನಾನು ಕ್ಲಿನಿಕ್ಕಿನಲ್ಲಿ ಕೂತು ಮಾಡಲಾರೆ. ಎರಡು ವಾರ ನಿಮ್ಮ ಡೈರಿಯ ಒಂದು ಪುಟದಲ್ಲಿ ನಾಲ್ಕೇ ವಿಷಯ ಬರೆಯಿರಿ. ಇವತ್ತು ಆಟ ಇತ್ತೇ, ಅವನು ಆಡಿದನೇ, ಕ್ಲಾಸಿನಲ್ಲಿ ಸ್ಪ್ರೇ ಆಯಿತೇ, ಕೆಮ್ಮು ಎಷ್ಟು ಹೊತ್ತಿಗೆ ಶುರುವಾಯಿತು. ಆಟವಿಲ್ಲದ ದಿನ ಯಾರೋ ಬೆಳಿಗ್ಗೆ ಮನೆಯಿಂದಲೇ ಧಾರಾಳವಾಗಿ ಹೊಡೆದುಕೊಂಡು ಬಂದಾಗಲೂ ಅವನು ಕೆಮ್ಮಿದರೆ ಸ್ಪ್ರೇಯ ಪಾತ್ರ ಗಟ್ಟಿ. ಅವನು ಆಡಿ ಬಂದ ದಿನ, ಸ್ಪ್ರೇ ಇಲ್ಲದಿದ್ದಾಗಲೂ ಕೆಮ್ಮಿದರೆ ಆಟದ ಪಾತ್ರ ಗಟ್ಟಿ. ಎರಡೂ ನಿಜವಾಗಿರುವುದು ಅಪರೂಪವಲ್ಲ. ಆ ಪುಟವನ್ನು ತಾಯಿಯ ಕೈಗೆ ಕೊಟ್ಟು, ಡಾಕ್ಟರಿಗೆ ತೋರಿಸಲು ಹೇಳಿ. ಉಸಿರು ಎಷ್ಟು ರಭಸವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಮನೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಊದಿದಾಗ ಬರುವ ಅಂಕಿ ಅವನ ಎಂದಿನ ಅಂಕಿಗಿಂತ ಐದರಲ್ಲೊಂದು ಪಾಲು ಕುಸಿದರೆ ಅದು ಗಂಟಲಿನ ಕಿರಿಕಿರಿಯಲ್ಲ, ಶ್ವಾಸನಾಳ ಬಿಗಿದಿದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಇಲ್ಲಿ ತಾಯಿಗೆ ಹೇಳಬೇಕಾದ ಮಾತು ಇನ್ನೊಂದಿದೆ, ಅದನ್ನು ಮೆತ್ತಗೆ ಆದರೆ ಸ್ಪಷ್ಟವಾಗಿ ಹೇಳಿ. ವಾರದಲ್ಲಿ ಹಲವು ದಿನ ಒಂದು ಮಗು ಪರಿಮಳಕ್ಕೋ ಓಟಕ್ಕೋ ಕೆಮ್ಮುತ್ತಿದೆ ಎಂದರೆ ಅದರ ಆಸ್ತಮಾ ಹತೋಟಿಯಲ್ಲಿಲ್ಲ. ನಾನು ನೋಡುವ ಮಕ್ಕಳಲ್ಲಿ ಬಹಳಷ್ಟು ಮನೆಗಳಲ್ಲಿ ಕೆಮ್ಮು ಬಂದಾಗ ಎಳೆದುಕೊಳ್ಳುವ ನೀಲಿ ಇನ್ಹೇಲರ್ ಒಂದೇ ಇರುತ್ತದೆ. ಒಳಪದರದ ಊತ ಇಳಿಸಲು ದಿನವೂ ತೆಗೆದುಕೊಳ್ಳಬೇಕಾದ ಸ್ಟೀರಾಯ್ಡ್ ಇನ್ಹೇಲರನ್ನು "ಅಭ್ಯಾಸ ಆಗ್ಬಿಡುತ್ತೆ" ಎಂದು ಯಾರೋ ಹೇಳಿದ ಮಾತು ಕೇಳಿ ನಿಲ್ಲಿಸಿರುತ್ತಾರೆ. ಇನ್ಹೇಲರ್ ಚಟವಾಗುವುದಿಲ್ಲ. ನಿಲ್ಲಿಸಿದರೆ ಊತ ಮರಳುತ್ತದೆ, ಅಷ್ಟೇ. ಊತ ಇಳಿದ ಶ್ವಾಸನಾಳ ಅದೇ ಪರಿಮಳವನ್ನು ಎಷ್ಟೋ ಪಾಲು ಸಹಿಸಿಕೊಳ್ಳುತ್ತದೆ. ಮದುವೆ ಮನೆ, ಬಸ್ಸು, ಬಟ್ಟೆ ಅಂಗಡಿ, ಎಲ್ಲ ಕಡೆಗೂ ನೀವು ಪತ್ರ ಬರೆಯಲಾಗುವುದಿಲ್ಲ. ಹಾಗಾಗಿ ಶಾಲೆಯ ಪತ್ರದ ಜೊತೆಗೇ ಈ ಹುಡುಗನ ಔಷಧಿಯ ಮರುಪರಿಶೀಲನೆಯೂ ಆಗಬೇಕು. ಪತ್ರ ಒಂದರಿಂದಲೇ ಅವನು ಗುಣವಾಗುತ್ತಾನೆ ಎಂದು ನಂಬಿ ಕೂರಬೇಡಿ.

ತಲೆನೋವಿನ ಹುಡುಗಿಯದು ಬೇರೆ ದಾರಿ. ಮೈಗ್ರೇನ್ ಇರುವವರಿಗೆ ತೀವ್ರ ವಾಸನೆ ತಲೆನೋವನ್ನು ಎಬ್ಬಿಸಬಲ್ಲದು, ಎದ್ದ ತಲೆನೋವನ್ನು ಹೆಚ್ಚಿಸಲೂಬಲ್ಲದು. ಋತುಚಕ್ರ ಶುರುವಾದ ಮೇಲಿನ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಇದು ಹೆಚ್ಚು. ಬೆಳಿಗ್ಗೆ ತಿಂಡಿ ಬಿಟ್ಟು ಬರುವುದು, ನೀರು ಕುಡಿಯದಿರುವುದು ಕೂಡ ಅದೇ ತಲೆನೋವಿಗೆ ಕಾರಣವಾಗುತ್ತವೆ. ಶಾಲೆಯ ಟಾಯ್ಲೆಟ್ ಸರಿಯಿಲ್ಲವೆಂದು ಇಡೀ ದಿನ ನೀರೇ ಕುಡಿಯದ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಇದನ್ನು ಅವಳ ಹತ್ತಿರ ಒಂಟಿಯಾಗಿ ಕೇಳಿ. ತಿಂಗಳಿಗೆ ಹಲವು ಸಲ ಮಲಗುವಂತಾದರೆ ಡಾಕ್ಟರಿಗೆ ತೋರಿಸಬೇಕು.

ಈಗ ಸ್ಪ್ರೇ ಹೊಡೆಯುವ ಹುಡುಗರ ಕಡೆಗೂ ನೋಡಬೇಕು, ಏಕೆಂದರೆ ನಿಮ್ಮ ಪತ್ರ ಓದಬೇಕಾದವರು ಅವರ ಮನೆಯವರು. ಹನ್ನೊಂದು ಹನ್ನೆರಡು ವಯಸ್ಸಿನ ಹೊತ್ತಿಗೆ ಕಂಕುಳಿನಲ್ಲಿ ಹೊಸ ಬಗೆಯ ಬೆವರು ಗ್ರಂಥಿಗಳು ಕೆಲಸ ಶುರುಮಾಡುತ್ತವೆ. ಅವುಗಳಿಂದ ಬರುವ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಸ್ಪ್ರೇ ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ. ಆಲ್ಕೋಹಾಲ್ ಒಂದಷ್ಟು ಬ್ಯಾಕ್ಟೀರಿಯಾ ಕೊಲ್ಲುವುದು ಚರ್ಮಕ್ಕೆ ತಾಗಿದರೆ ಮಾತ್ರ. ಶರ್ಟಿನ ಮೇಲೆ ಹೊಡೆದರೆ ಅದೂ ಇಲ್ಲ. ಜೊತೆಗೆ ನಮ್ಮ ಯೂನಿಫಾರ್ಮಿನ ಬಟ್ಟೆಯಲ್ಲಿ ಪಾಲಿಯೆಸ್ಟರ್ ಹೆಚ್ಚು, ಅದು ಹತ್ತಿಗಿಂತ ಗಟ್ಟಿಯಾಗಿ ಬೆವರು ವಾಸನೆ ಹಿಡಿದುಕೊಳ್ಳುತ್ತದೆ. ಎರಡೇ ಜೊತೆ ಯೂನಿಫಾರ್ಮ್ ಇರುವ ಮನೆಯಲ್ಲಿ ಮಳೆಗಾಲದಲ್ಲಿ ಒಗೆದದ್ದು ಒಣಗದೆ ನಿನ್ನೆಯದನ್ನೇ ಹಾಕಿ ಕಳಿಸುತ್ತಾರೆ. ಆ ಹುಡುಗ ಸ್ಪ್ರೇ ಹೊಡೆಯುವುದು ಶೋಕಿಗಲ್ಲ, ನಾಚಿಕೆಗೆ.

ಅತಿಯಾಗಿ ಹೊಡೆಯುವುದಕ್ಕೆ ಕಾರಣ ಮೂಗು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ನಮ್ಮ ಮೂಗು ಅದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಹಾಕಿಕೊಂಡ ಹುಡುಗನಿಗೆ ತನ್ನ ಪರಿಮಳ ಹೋಯಿತು ಎನಿಸುತ್ತದೆ, ಮತ್ತೆ ಒತ್ತುತ್ತಾನೆ. ಹೊಸದಾಗಿ ಕೋಣೆಗೆ ಕಾಲಿಟ್ಟ ನಿಮಗೆ ಮುಖಕ್ಕೆ ಬಡಿದಂತಾಗುತ್ತದೆ. "ಇಷ್ಟೊಂದಾ? ನಂಗೇ ಗೊತ್ತಾಗ್ತಿಲ್ಲ ಮಿಸ್" ಎಂದು ಅವನು ಹೇಳಿದರೆ ಸುಳ್ಳೆಂದು ಗದರಿಸಬೇಡಿ, ಅವನಿಗೆ ನಿಜಕ್ಕೂ ಗೊತ್ತಾಗುತ್ತಿಲ್ಲ.

ಇಷ್ಟೆಲ್ಲ ಹೇಳಿದ್ದು ಪತ್ರದ ಧಾಟಿ ಹೇಗಿರಬೇಕು ಎಂಬುದಕ್ಕಾಗಿಯೇ. 'ವಾಪಸ್ ಕಳಿಸುತ್ತೇವೆ' ಎಂಬ ಬೆದರಿಕೆಯನ್ನು ನಡೆಸಲು ನಿಮ್ಮಿಂದ ಆಗುವುದಿಲ್ಲ. ಬಾಗಿಲಲ್ಲಿ ನಿಂತು ಮಕ್ಕಳನ್ನು ಮೂಸಿ ನೋಡುವ ಶಾಲೆ ಯಾರಿಗೂ ಬೇಡ. 'ಯಾವುದೇ ಪರಿಮಳ' ಎಂದರೆ ಹುಡುಗಿಯರ ತಲೆಯ ಮಲ್ಲಿಗೆಯೂ ತೆಂಗಿನೆಣ್ಣೆಯೂ ಬಂತು, ಅಲ್ಲಿಗೆ ಚರ್ಚೆ ದಾರಿ ತಪ್ಪುತ್ತದೆ. 'ವೈಯಕ್ತಿಕ ಸ್ವಚ್ಛತೆ ಕಾಪಾಡಿ' ಎಂಬ ಸಾಲನ್ನಂತೂ ಸೇರಿಸಲೇಬೇಡಿ. ಮನೆಯಲ್ಲಿ ನೀರಿಗೆ ತತ್ವಾರ ಇರುವ ಮಗುವಿಗೆ ಅದು ಚುಚ್ಚುತ್ತದೆ, ಮಕ್ಕಳು ಒಬ್ಬರನ್ನೊಬ್ಬರು ಹಂಗಿಸಲು ಅದನ್ನೇ ಬಳಸುತ್ತಾರೆ. ಆಸ್ತಮಾ ಇರುವ ಹುಡುಗನ ಹೆಸರು ಬೇಡ, 'ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿಗೆ' ಎಂಬ ಸುಳಿವೂ ಬೇಡ. ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅದು ಯಾರೆಂದು ಎಲ್ಲರಿಗೂ ಗೊತ್ತಾಗಿರುತ್ತದೆ. ತಾಯಿಗೆ ಕೊಟ್ಟ ಮಾತು ಉಳಿಯಬೇಕಾದರೆ ಪತ್ರ ನಿಮ್ಮ ಒಂದು ತರಗತಿಗೆ ಹೋಗುವ ಬದಲು ಎಂಟು, ಒಂಬತ್ತು, ಹತ್ತು ಮೂರಕ್ಕೂ ಹೆಡ್ ಮೇಡಂ ಸಹಿಯೊಂದಿಗೆ ಹೋಗುವುದು ಒಳ್ಳೆಯದು.

ಹೀಗೆ ಬರೆಯಬಹುದು:

"ಮಾನ್ಯ ಪೋಷಕರೇ, ನಮಸ್ಕಾರ.

ಈಚೆಗೆ ಹಲವು ಮಕ್ಕಳು ಬಾಡಿ ಸ್ಪ್ರೇ ತಂದು ತರಗತಿಯೊಳಗೆ, ಟಾಯ್ಲೆಟ್ಟಿನಲ್ಲಿ ಮತ್ತು ಶಾಲಾ ವ್ಯಾನಿನಲ್ಲಿ ಬಳಸುತ್ತಿದ್ದಾರೆ. ಈ ವಯಸ್ಸಿನಲ್ಲಿ ಬೆವರಿನ ಬಗ್ಗೆ ಮಕ್ಕಳಿಗೆ ಸಂಕೋಚವಾಗುವುದು ಸಹಜ, ಅದನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಹೊಡೆದಾಗ ಆಸ್ತಮಾ ಅಥವಾ ಮೈಗ್ರೇನ್ ಇರುವವರಿಗೆ ಕೆಮ್ಮು, ಉಬ್ಬಸ, ತಲೆನೋವು ಬರಬಹುದು. ಯಾವ ಶಾಲೆಯಲ್ಲೂ ಇಂಥ ಮಕ್ಕಳೂ ಶಿಕ್ಷಕರೂ ಇದ್ದೇ ಇರುತ್ತಾರೆ.

ಆದ್ದರಿಂದ ಬಾಡಿ ಸ್ಪ್ರೇ, ಪರ್ಫ್ಯೂಮ್ ಬಾಟಲಿಗಳನ್ನು ಶಾಲೆಗೆ ಕಳಿಸಬೇಡಿ ಎಂದು ಕೋರುತ್ತೇವೆ. ಈ ಡಬ್ಬಿಗಳಿಗೆ ಬೆಂಕಿ ಬೇಗ ಹತ್ತುತ್ತದೆ ಎಂಬುದೂ ಒಂದು ಕಾರಣ. ಮನೆಯಲ್ಲಿ ಬಳಸುವುದಾದರೆ ಯೂನಿಫಾರ್ಮಿನ ಮೇಲೆ ಹೊಡೆಯದೆ, ಸ್ನಾನದ ನಂತರ ಒಣಗಿದ ಮೈಗೆ ತುಸುವೇ ಬಳಸಲಿ. ಕಂಕುಳಿಗೆ ಹಚ್ಚುವ ರೋಲ್ ಆನ್ ತರಲು ಅಡ್ಡಿಯಿಲ್ಲ.

ಆಟದ ಪಿರಿಯಡ್ ನಂತರ ಮುಖ, ಕೈ, ಕಂಕುಳು ತೊಳೆದುಕೊಳ್ಳಲು ಮಕ್ಕಳಿಗೆ ಹತ್ತು ನಿಮಿಷ ಸಮಯ ಕೊಡುತ್ತೇವೆ. ಆ ದಿನ ಒಂದು ಸಣ್ಣ ಟವೆಲ್ ಮತ್ತು ಒಂದು ಹತ್ತಿ ಬನಿಯನ್ ಅಥವಾ ಟೀ ಶರ್ಟ್ ಕಳಿಸಿಕೊಡಿ. ಶಾಲೆಗೆ ಬಂದ ಡಬ್ಬಿಗಳನ್ನು ತೆಗೆದಿಟ್ಟುಕೊಂಡು ಸಂಜೆ ನಿಮ್ಮ ಕೈಗೆ ಕೊಡುತ್ತೇವೆ, ಬೇರೆ ಶಿಕ್ಷೆ ಇರುವುದಿಲ್ಲ.

ನಿಮ್ಮ ಮಗುವಿಗೆ ಆಸ್ತಮಾ, ಮೈಗ್ರೇನ್ ಅಥವಾ ಬೇರೆ ಯಾವುದೇ ತೊಂದರೆ ಇದ್ದರೆ ತರಗತಿ ಶಿಕ್ಷಕರಿಗೆ ತಿಳಿಸಿ. ಆ ವಿಷಯ ನಮ್ಮಲ್ಲೇ ಉಳಿಯುತ್ತದೆ."

ಈ ಪತ್ರದ ಗಟ್ಟಿ ಸಾಲು ನಿಷೇಧದ್ದಲ್ಲ, ಹತ್ತು ನಿಮಿಷದ್ದು. ಡಬ್ಬಿ ಕಿತ್ತುಕೊಂಡು ಬದಲಿಗೆ ಏನೂ ಕೊಡದಿದ್ದರೆ ಸ್ಪ್ರೇ ಬ್ಯಾಗಿನಿಂದ ಸಾಕ್ಸಿನೊಳಗೆ ಹೋಗುತ್ತದೆ, ಕ್ಲಾಸಿನ ಬದಲು ಗಾಳಿಯಾಡದ ಟಾಯ್ಲೆಟ್ಟಿನಲ್ಲಿ ಹೊಡೆಯುತ್ತಾರೆ. ಅದು ಇನ್ನೂ ಕೆಟ್ಟದ್ದು. ಸೋಪು ಮತ್ತು ನೀರಿನಿಂದ ಕಂಕುಳು ತೊಳೆದು ಒರೆಸಿಕೊಂಡರೆ ಬ್ಯಾಕ್ಟೀರಿಯಾವೂ ಅದರ ಆಹಾರವೂ ಹೋಗುತ್ತವೆ, ಯಾವ ಸ್ಪ್ರೇಯೂ ಮಾಡದ ಕೆಲಸ ಅದು. ನಲ್ಲಿಯ ಹತ್ತಿರ ಒಂದು ಸೋಪು ಇಡಿಸಿ. ಆಟದ ಪಿರಿಯಡ್ಡನ್ನು ದಿನದ ಕೊನೆಗೆ ಅಥವಾ ಊಟದ ಬಿಡುವಿನ ಮುಂಚೆಗೆ ಸರಿಸಲು ವೇಳಾಪಟ್ಟಿಯಲ್ಲಿ ಜಾಗವಿದ್ದರೆ ಅರ್ಧ ಸಮಸ್ಯೆ ಪತ್ರ ಹೋಗುವ ಮೊದಲೇ ಕರಗುತ್ತದೆ.

ಬೆವರು ನಿಜಕ್ಕೂ ವಿಪರೀತ ಇರುವ ಹುಡುಗನಿಗೆ ಇದು ಸಾಲದು. ಅವನ ಮನೆಯವರಿಗೆ ಆಂಟಿಪರ್ಸ್ಪಿರಂಟ್ ಎಂದು ಬರೆದಿರುವ, ಪರಿಮಳ ಕಡಿಮೆಯ ರೋಲ್ ಆನ್ ಹೇಳಿ. ಅದರ ಅಲ್ಯೂಮಿನಿಯಂ ಲವಣ ಬೆವರಿನ ರಂಧ್ರವನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಬೆಳಿಗ್ಗೆ ಅವಸರದಲ್ಲಿ ಹಚ್ಚುವುದಕ್ಕಿಂತ ರಾತ್ರಿ ಮಲಗುವ ಮುಂಚೆ ಒಣಗಿದ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಕೆಲಸ ಮಾಡುತ್ತದೆ, ಆಗ ಬೆವರು ಕಡಿಮೆ ಇರುತ್ತದೆ. ಚರ್ಮ ಉರಿದರೆ ಬಿಡಬೇಕು. ಕ್ಷೌರದ ಅಂಗಡಿಯಲ್ಲಿ ಉಜ್ಜುವ ಪಟಿಕ ಕೂಡ ಒಂದು ಬಗೆಯ ಅಲ್ಯೂಮಿನಿಯಂ ಲವಣವೇ, ಒದ್ದೆ ಮಾಡಿ ಕಂಕುಳಿಗೆ ತಿಕ್ಕಿದರೆ ವಾಸನೆ ತಗ್ಗುತ್ತದೆ, ಖರ್ಚೂ ಇಲ್ಲ. ಇದರಿಂದೆಲ್ಲ ಕ್ಯಾನ್ಸರ್ ಬರುತ್ತದೆಯಂತೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಆಗಾಗ ಸುತ್ತುತ್ತದೆ. ಅದಕ್ಕೆ ಆಧಾರ ಸಿಕ್ಕಿಲ್ಲ, ನಿಮ್ಮ ಪತ್ರಕ್ಕೆ ಅದನ್ನು ಸೇರಿಸಬೇಡಿ.

ಪತ್ರ ಹೋದ ಮೇಲೆ ಫೋನುಗಳು ಬರುತ್ತವೆ. "ಮಲ್ಲಿಗೆ ಮುಡಿದ್ರೆ ಪರವಾಗಿಲ್ಲ, ಡಿಯೋ ಯಾಕಾಗಲ್ಲ?" ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮಲ್ಲಿಗೆಯ ವಾಸನೆಯೂ ರಾಸಾಯನಿಕವೇ, ಲಿನಲೂಲ್ ಅದರಲ್ಲೂ ಇದೆ, ಕೆಲವರಿಗೆ ಅದರಿಂದಲೂ ತಲೆನೋವು ಬರುತ್ತದೆ. ಆದರೆ ಹೂವು ಅದನ್ನು ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಹನಿಗಳ ಮಂಜನ್ನು ಯಾರ ಮುಖಕ್ಕೂ ಎರಚುವುದಿಲ್ಲ. ಯಾವುದಾದರೂ ಮಗುವಿಗೆ ತೊಂದರೆಯಾದರೆ ಜಾಗ ಬದಲಿಸಿದರೆ ಸಾಕು. "ನಾವು ಹಾಕೋದು ಅತ್ತರು, ನ್ಯಾಚುರಲ್" ಎನ್ನುವವರಿಗೂ ಉತ್ತರ ಇದೇ. ಸಸ್ಯದಿಂದ ಬಂದ ಎಣ್ಣೆಯೂ ಶ್ವಾಸನಾಳವನ್ನು ಕೆರಳಿಸಬಲ್ಲದು. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿದರೆ ಒಂದು ಮಾತು, ಅಂಗಿಗೆಲ್ಲ ಸವರಿದರೆ ಇನ್ನೊಂದು ಮಾತು. "ಆಸ್ತಮಾ ಇರೋ ಮಗು ಬೇರೆ ಸೆಕ್ಷನ್ನಿಗೆ ಹೋಗ್ಲಿ" ಎಂದು ಯಾರಾದರೂ ಅಂದರೆ ಅಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು. ಡಬ್ಬಿ ಮನೆಯಲ್ಲಿ ಬಿಟ್ಟುಬರಬಹುದು, ಶ್ವಾಸಕೋಶವನ್ನು ಬಿಟ್ಟುಬರಲಾಗುವುದಿಲ್ಲ.

ಪೋಷಕರು ಕೇಳುವ ಮೊದಲು ಶಾಲೆಯೂ ತನ್ನ ಗಾಳಿಯನ್ನು ನೋಡಿಕೊಳ್ಳಬೇಕು. ಬೆಳಿಗ್ಗೆ ನೆಲ ಒರೆಸುವ ಫಿನಾಯಿಲ್ ಎಷ್ಟು ಗಾಢ, ಟಾಯ್ಲೆಟ್ಟಿನಲ್ಲಿ ಎಷ್ಟು ನುಸಿಗುಳಿಗೆ, ಸ್ಟಾಫ್ ರೂಮಿನಲ್ಲಿ ರೂಮ್ ಫ್ರೆಶ್ನರ್ ಇದೆಯೇ, ಪ್ರಾರ್ಥನೆಯ ಹೊತ್ತಿಗೆ ಒಳಾಂಗಣದಲ್ಲಿ ಊದಿನಕಡ್ಡಿ ಹಚ್ಚುತ್ತಾರೆಯೇ? ಊದಿನಕಡ್ಡಿಯದು ಬರೀ ಪರಿಮಳವಲ್ಲ, ಹೊಗೆ. ಆಸ್ತಮಾದ ಮಗುವಿಗೆ ಹೊಗೆ ಇನ್ನೂ ಕಷ್ಟ. ಕಿಟಕಿ ಮುಚ್ಚಿಕೊಂಡು ಹೋಗುವ ಶಾಲಾ ವ್ಯಾನಿನ ಡ್ಯಾಶ್‌ಬೋರ್ಡಿನಲ್ಲಿ ಕೂತಿರುವ ಕಾರ್ ಪರ್ಫ್ಯೂಮ್ ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ಶಿಕ್ಷಕರೇ ಘಮ್ಮೆನ್ನುತ್ತ ಒಳಗೆ ಬಂದರೆ ಪತ್ರವನ್ನು ಮಕ್ಕಳು ಒಂದು ವಾರಕ್ಕಿಂತ ಹೆಚ್ಚು ದಿನ ಪಾಲಿಸುವುದಿಲ್ಲ.

ಡಬ್ಬಿಗಳನ್ನು ಶಾಲೆಗೆ ತರಬಾರದು ಎನ್ನಲು ನನಗೆ ಇನ್ನೊಂದು ಕಾರಣವೂ ಇದೆ. ಅದನ್ನು ಪತ್ರದಲ್ಲಿ ಬರೆಯುವುದು ಬೇಡ, ಬರೆದರೆ ಗೊತ್ತಿಲ್ಲದ ಮಕ್ಕಳಿಗೂ ಗೊತ್ತಾಗುತ್ತದೆ. ಆದರೆ ಶಿಕ್ಷಕರ ಸಭೆಯಲ್ಲಿ ಹೇಳಿ. ಕೆಲವು ಹದಿಹರೆಯದವರು ಈ ಅನಿಲವನ್ನು ಅಮಲಿಗಾಗಿ ಸೇದುತ್ತಾರೆ. ಬ್ಯೂಟೇನ್ ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು, ಮೊದಲನೆಯ ಸಲವೇ ಪ್ರಾಣ ಹೋಗಬಹುದು. ಒಬ್ಬನೇ ಹುಡುಗನ ಹತ್ತಿರ ಪದೇ ಪದೇ ಡಬ್ಬಿ ಖಾಲಿಯಾಗುತ್ತಿದ್ದರೆ, ಬಾಯಿ ಮೂಗಿನ ಸುತ್ತ ಗುಳ್ಳೆ ಅಥವಾ ಕೆಂಪು ಕಂಡರೆ, ಬಟ್ಟೆಯ ತುಂಡು ಸದಾ ಸ್ಪ್ರೇ ವಾಸನೆ ಹೊಡೆಯುತ್ತಿದ್ದರೆ, ಶಿಕ್ಷೆಗೆ ಮುಂಚೆ ಪೋಷಕರನ್ನು ಕರೆದು ಮಕ್ಕಳ ಡಾಕ್ಟರ ಹತ್ತಿರ ಕಳಿಸಿ. ಪಂದ್ಯ ಕಟ್ಟಿ ಚರ್ಮಕ್ಕೆ ತೀರ ಹತ್ತಿರ ಹಿಡಿದು ಒಂದೇ ಕಡೆ ಹೊಡೆದುಕೊಳ್ಳುವ ಆಟವೂ ಇದೆ. ಆವಿಯಾಗುವ ಅನಿಲದ ತಂಪಿಗೆ ಚರ್ಮ ಸುಟ್ಟಂತೆ ಗುಳ್ಳೆ ಏಳುತ್ತದೆ.

ಕೊನೆಯದಾಗಿ, ಪತ್ರ ಕೆಲಸ ಮಾಡದ ಒಂದು ದಿನಕ್ಕೆ ಸಿದ್ಧವಾಗಿರಿ. ಆ ಹುಡುಗನ ತಾಯಿಯಿಂದ ಅವನ ಡಾಕ್ಟರು ಬರೆದುಕೊಟ್ಟ ಆಸ್ತಮಾ ಚೀಟಿಯ ಒಂದು ಪ್ರತಿ ಪಡೆಯಿರಿ, ಇಲ್ಲದಿದ್ದರೆ ಬರೆಸಿಕೊಂಡು ಬರಲು ಹೇಳಿ. ಅವನ ಇನ್ಹೇಲರ್ ಮತ್ತು ಅದಕ್ಕೆ ಜೋಡಿಸುವ ಕೊಳವೆಯಾದ ಸ್ಪೇಸರ್ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿ ಇಡುವುದಲ್ಲ, ಅವನ ಬ್ಯಾಗಿನಲ್ಲೇ ಇರಬೇಕು. ಎದೆ ಬಿಗಿದಾಗ ಮೊದಲು ಅವನನ್ನು ಸ್ಪ್ರೇ ಇರುವ ಕೋಣೆಯಿಂದ ಹೊರಗೆ ಕರೆತಂದು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಒಬ್ಬನೇ ನಡೆದು ಹೋಗಲು ಬಿಡಬೇಡಿ. ಚೀಟಿಯಲ್ಲಿ ಬೇರೆ ಹೇಳಿರದಿದ್ದರೆ ನೀಲಿ ಸಾಲ್ಬುಟಮಾಲ್ ಇನ್ಹೇಲರನ್ನು ಅಲುಗಾಡಿಸಿ, ಸ್ಪೇಸರಿಗೆ ಒಂದು ಪಫ್ ಬಿಟ್ಟು, ನಾಲ್ಕು ಸಲ ಉಸಿರು ಎಳೆದುಕೊಳ್ಳಲು ಹೇಳಿ. ಹೀಗೆ ಒಂದೊಂದಾಗಿ ನಾಲ್ಕು ಪಫ್. ನಾಲ್ಕು ನಿಮಿಷ ಕಾದು ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ನಾಲ್ಕು. ಆಮೇಲೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದೆ ಏದುಸಿರು ಬಿಡುತ್ತಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಕಾಯುವುದೇ ಬೇಡ, ಮೊದಲು 108, ಪಫ್ ಕೊಡುವುದು ಅದರ ಜೊತೆಗೆ. ಆಂಬುಲೆನ್ಸ್ ಬರುವವರೆಗೂ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಪಫ್ ಮುಂದುವರಿಸಬಹುದು. ಇದನ್ನು ನೀವೊಬ್ಬರೇ ಕಲಿತರೆ ಸಾಲದು, ನೀವು ರಜೆ ಹಾಕಿದ ದಿನ ಆ ತರಗತಿಗೆ ಹೋಗುವವರಿಗೂ ಆಟದ ಮೇಷ್ಟ್ರಿಗೂ ಒಮ್ಮೆ ಮಾಡಿ ತೋರಿಸಿ. ಆಟ ಶುರುವಾಗುವ ಹತ್ತು ಹದಿನೈದು ನಿಮಿಷ ಮೊದಲು ಇನ್ಹೇಲರ್ ತೆಗೆದುಕೊಳ್ಳಬೇಕೇ ಎಂಬುದನ್ನು ಅವನ ಡಾಕ್ಟರು ಅದೇ ಚೀಟಿಯಲ್ಲಿ ಬರೆಯಲಿ.